ತರಗತಿಗೆ ಎಷ್ಟು ದೀಪ ಬೇಕು?

ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲದ ಒಂದು ತರಗತಿ. ಚಾವಣಿಯಲ್ಲಿ 20 ವ್ಯಾಟ್‌ನ ಎರಡು ಎಲ್‌ಇಡಿ ಟ್ಯೂಬ್‌ಲೈಟ್. ಮೋಡ ಕವಿದ ಮಧ್ಯಾಹ್ನ ಹಿಂದಿನ ಬೆಂಚಿನ ಮಕ್ಕಳು ಪುಸ್ತಕವನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಳ್ಳುತ್ತಾರೆ. ಈ ಕೋಣೆಗೆ ಬೇಕಾದ ಬೆಳಕನ್ನು ‘ಲ್ಯೂಮೆನ್ ವಿಧಾನ’ದಿಂದ ಕಾಗದದ ಮೇಲೆಯೇ ಲೆಕ್ಕ ಹಾಕಬಹುದು.

ದೀಪ ಹೊರಸೂಸುವ ಒಟ್ಟು ಬೆಳಕಿನ ಅಳತೆ ಲ್ಯೂಮೆನ್. ಒಂದು ಚದರ ಮೀಟರಿಗೆ ಎಷ್ಟು ಲ್ಯೂಮೆನ್ ಬೀಳುತ್ತದೆ ಎಂಬುದು ಲಕ್ಸ್. ಭಾರತೀಯ ಮಾನಕ ಐಎಸ್ 3646 ತರಗತಿಗೆ ಸೂಚಿಸುವ 200ರಿಂದ 500 ಲಕ್ಸ್‌ನಲ್ಲಿ ನಡುವಿನ 300ನ್ನೇ ಹಿಡಿಯೋಣ. ಕೋಣೆಯ ವಿಸ್ತೀರ್ಣ 48 ಚದರ ಮೀಟರ್. ಹಾಗಾಗಿ ಡೆಸ್ಕುಗಳ ಮೇಲೆ 14,400 ಲ್ಯೂಮೆನ್ ಬೀಳಬೇಕು.

ದೀಪದಿಂದ ಹೊರಟದ್ದೆಲ್ಲ ಡೆಸ್ಕಿಗೆ ತಲುಪುವುದಿಲ್ಲ. ಒಂದಷ್ಟನ್ನು ಗೋಡೆ, ಚಾವಣಿ ಮತ್ತು ದೀಪದ ಕವಚವೇ ಹೀರುತ್ತವೆ. ತಲುಪುವ ಪಾಲನ್ನು ಹೇಳುವ ಬಳಕೆ ಗುಣಾಂಕ ದೀಪ ತಯಾರಕರ ಕೋಷ್ಟಕದಲ್ಲಿರುತ್ತದೆ. ಅದನ್ನು ಓದಲು ಕೋಣೆಯ ಸೂಚ್ಯಂಕ ಬೇಕು. ದೀಪ ಡೆಸ್ಕಿನಿಂದ 2 ಮೀಟರ್ ಮೇಲಿದ್ದರೆ ಅದು 48 ÷ (2 × 14), ಅಂದರೆ ಸುಮಾರು 1.7. ತಿಳಿ ಬಣ್ಣದ ಕೋಣೆಗೆ ಗುಣಾಂಕ 0.6 ಸಿಕ್ಕಿತೆನ್ನೋಣ. ಧೂಳಿಗೂ ದೀಪ ಹಳತಾಗುವುದಕ್ಕೂ ಸೇರಿ ನಿರ್ವಹಣಾ ಗುಣಾಂಕ 0.8. ಆಗ 14,400 ÷ (0.6 × 0.8) = 30,000 ಲ್ಯೂಮೆನ್. ಗೋಡೆಗೆ ಗಾಢ ಬಣ್ಣ ಬಳಿದು ಬಳಕೆ ಗುಣಾಂಕ 0.5ಕ್ಕೆ ಇಳಿದರೆ 36,000 ಬೇಕಾಗುತ್ತದೆ.

ಹಳೆಯ ಎರಡು ಟ್ಯೂಬ್‌ಗಳು ತಲಾ 2,000 ಲ್ಯೂಮೆನ್ ಕೊಟ್ಟರೂ ಇದೇ ಲೆಕ್ಕದಲ್ಲಿ ಸಿಗುವುದು ಬರೀ 40 ಲಕ್ಸ್!

ಈಗ 3,600 ಲ್ಯೂಮೆನ್‌ನ ಒಂಬತ್ತು ಪ್ಯಾನೆಲ್ ಹಾಕಿದರೆ ಸರಾಸರಿ 324 ಲಕ್ಸ್. ಲೆಕ್ಕ ಗೆದ್ದಂತೆ ಕಾಣುತ್ತದೆ, ಆದರೆ ಸರಾಸರಿ ಕತ್ತಲೆಯ ಮೂಲೆಗಳನ್ನು ಮುಚ್ಚಿಡುತ್ತದೆ. ಯುರೋಪಿನ ಇಎನ್ 12464-1 ಮಾನಕದ 2011ರ ಆವೃತ್ತಿ ತರಗತಿಯಲ್ಲಿ ಅತಿ ಕಡಿಮೆ ಬೆಳಕು ಸರಾಸರಿಯ 0.6ರಷ್ಟಾದರೂ ಇರಬೇಕೆನ್ನುತ್ತದೆ. ತಯಾರಕರು ದೀಪಗಳ ನಡುವಿನ ಅಂತರ ಎತ್ತರದ 1.25 ಪಟ್ಟು ಮೀರಬಾರದೆಂದಿದ್ದರೆ ಇಲ್ಲಿ ಮಿತಿ 2.5 ಮೀಟರ್. ಮೂರು ಸಾಲು ಮೂರು ದೀಪಗಳಾದರೆ ಉದ್ದಕ್ಕೆ 2.67 ಮೀಟರ್ ಅಂತರ ಬರುತ್ತದೆ. ಅದಕ್ಕೇ 2,500 ಲ್ಯೂಮೆನ್‌ನ ಹನ್ನೆರಡು ದೀಪ ಮೇಲು: ನಾಲ್ಕು ಉದ್ದಕ್ಕೆ, ಮೂರು ಅಡ್ಡಕ್ಕೆ, ಎಲ್ಲ ಕಡೆ 2 ಮೀಟರ್ ಅಂತರ, ಗೋಡೆಯಿಂದ ಒಂದು ಮೀಟರ್. ಒಟ್ಟು ಬೆಳಕು ಅದೇ 30,000, ಹಂಚಿಕೆ ಮಾತ್ರ ಬೇರೆ.

ಕಣ್ಣು ಕುಕ್ಕುವಿಕೆಯನ್ನು ಮಾತ್ರ ಈ ಸೂತ್ರ ಹೇಳಲಾರದು. ಅದರ ಅಳತೆ ಯುಜಿಆರ್. ತರಗತಿಗೆ 19ನ್ನು ಮೀರಬಾರದು. ಮಗು ಕರಿಹಲಗೆಯತ್ತ ನೋಡುವಾಗ ದೀಪದ ಮೈ ಎಷ್ಟು ಪ್ರಖರವಾಗಿ ಕಾಣುತ್ತದೆ, ಹಿನ್ನೆಲೆ ಎಷ್ಟು ಕತ್ತಲೆ ಎಂಬುದರ ಮೇಲೆ ಅದು ನಿಂತಿದೆ. ಬೆತ್ತಲೆ ಟ್ಯೂಬ್‌ಲೈಟ್ 300 ಲಕ್ಸ್ ಕೊಟ್ಟೂ ಇದರಲ್ಲಿ ಸೋಲಬಹುದು. ನಿಂತಿರುವ ಕರಿಹಲಗೆಯ ಬೆಳಕನ್ನೂ ಬೇರೆಯಾಗಿಯೇ ಲೆಕ್ಕ ಹಾಕಬೇಕು.

ಶಾಲೆಯ ಎಸ್‌ಡಿಎಂಸಿ ಹೊಸ ದೀಪ ಹಾಕಿಸುವಾಗ ಯುಜಿಆರ್ ಕೋಷ್ಟಕವನ್ನು ಕೇಳಿ ಪಡೆಯಲಿ. ಕತ್ತಲಾದ ಮೇಲೆ ಲಕ್ಸ್ ಮೀಟರನ್ನು ಡೆಸ್ಕಿನೆತ್ತರದಲ್ಲಿ ಕೋಣೆಯ ಹಲವು ಕಡೆ ಹಿಡಿಯಲಿ. ಹೊಸತರಲ್ಲಿ ಸರಾಸರಿ 375ರ ಆಸುಪಾಸು ಇರಬೇಕು. ಆಗಲೇ 300 ಇದ್ದರೆ ಧೂಳು ಕೂತು ದೀಪ ಹಳತಾದಾಗ ಅದು 240ಕ್ಕೆ ಇಳಿಯುತ್ತದೆ.