ಆರ್.ಡಿ. ಕಂತು ಒಂದು ತಿಂಗಳು ತಪ್ಪಿದರೆ ಕೈಗೆ ಬರುವ ಹಣ ಎಷ್ಟು ಬದಲಾಗುತ್ತದೆ?

ಹಾಲಿನ ಬಟವಾಡೆ ಬಂದಾಗ ಅದರಿಂದ ಒಂದು ಪಾಲು ತೆಗೆದು ಅಂಚೆ ಕಚೇರಿಯ ಆರ್.ಡಿ. ಖಾತೆಗೆ ಕಟ್ಟುವ ಸದಸ್ಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಹಸು ಕರೆಯುವಷ್ಟು ದಿನ ಕಂತಿಗೆ ತೊಂದರೆಯಿಲ್ಲ. ತೊಂದರೆ ಬರುವುದು ಗಬ್ಬದ ಕೊನೆಯ ಎರಡು ತಿಂಗಳು ಹಾಲು ಬತ್ತಿಸಿದಾಗ. ಒಂದೇ ಹಸುವಿನ ಮನೆಯಲ್ಲಿ ಆ ಎರಡು ತಿಂಗಳು ಡೇರಿಯಿಂದ ಹಣವಿಲ್ಲ, ಮೇವು ಹಿಂಡಿಯ ಖರ್ಚು ಮಾತ್ರ ನಿಲ್ಲುವುದಿಲ್ಲ. ಕಂತು ತಪ್ಪುವುದು ಆಗಲೇ. ಹಾಲು ಬತ್ತಿಸಬೇಡಿ ಎಂದು ನಾನಂತೂ ಹೇಳಲಾರೆ. ಆದ್ದರಿಂದ ತಪ್ಪಿದ ಕಂತಿನ ಲೆಕ್ಕವನ್ನಾದರೂ ತಿಳಿದಿಟ್ಟುಕೊಳ್ಳುವುದು ಒಳ್ಳೆಯದು.

ಒಂದು ಉದಾಹರಣೆ ನೋಡೋಣ. ಒಬ್ಬ ಸದಸ್ಯರು 2024ರ ಜೂನ್ 10ರಂದು ತಿಂಗಳಿಗೆ 1,000 ರೂಪಾಯಿಯ ಖಾತೆ ತೆರೆದರು ಎನ್ನಿ. ಆಗಿನ ಬಡ್ಡಿ ಶೇ. 6.7. ಖಾತೆ ತೆರೆದ ದಿನ ಇದ್ದ ದರವೇ ಐದು ವರ್ಷವೂ ನಡೆಯುತ್ತದೆ. ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರಿಸುತ್ತಾರೆ. 60 ಕಂತುಗಳಿಗೆ ಕಟ್ಟಿದ್ದು 60,000 ರೂಪಾಯಿ. ವಾಯಿದೆ ಮುಗಿದಾಗ ಬರುವುದು ಸುಮಾರು 71,366 ರೂಪಾಯಿ. ಎಂದರೆ ಐದು ವರ್ಷದ ಬಡ್ಡಿ 11,366 ರೂಪಾಯಿ.

ಇವರ ಖಾತೆ 15ನೇ ತಾರೀಖಿನೊಳಗೆ ತೆರೆದದ್ದು. ಆದ್ದರಿಂದ ಪ್ರತಿ ತಿಂಗಳ ಕಂತು 15ರೊಳಗೆ ಬೀಳಬೇಕು. 16 ಅಥವಾ ಅದರ ನಂತರ ತೆರೆದ ಖಾತೆಯಾದರೆ ತಿಂಗಳ ಕೊನೆಯ ಕೆಲಸದ ದಿನದವರೆಗೆ ಅವಕಾಶವಿದೆ. ಹದಿನೈದು ದಿನಕ್ಕೊಮ್ಮೆ ಬಟವಾಡೆ ಪಡೆಯುವವರಿಗೆ ಇದು ಸಣ್ಣ ವಿಷಯವಲ್ಲ. ಮೊದಲ ಹದಿನೈದು ದಿನದ ಹಾಲಿನ ಹಣ ಕೈಗೆ ಬರುವ ಹೊತ್ತಿಗೆ 15 ದಾಟಿರುತ್ತದೆ. ಹೊಸದಾಗಿ ಖಾತೆ ತೆರೆಯುವವರು 16ರ ನಂತರ ತೆರೆದರೆ ಅನುಕೂಲ.

ಈ ಸದಸ್ಯರ ಹತ್ತನೇ ಕಂತು 2025ರ ಮಾರ್ಚ್ ತಿಂಗಳದು. ಹಸು ಬತ್ತಿತ್ತು, ಆ ಕಂತು ತಪ್ಪಿತು. ಅಂಚೆ ಕಚೇರಿಯ ದಂಡ ಶುಲ್ಕ ನೂರು ರೂಪಾಯಿಗೆ ತಿಂಗಳಿಗೆ ಒಂದು ರೂಪಾಯಿ. ಸಾವಿರದ ಕಂತಿಗೆ ಹತ್ತು ರೂಪಾಯಿ. ಏಪ್ರಿಲ್‌ನಲ್ಲಿ ಅವರು ಮಾರ್ಚ್‌ನ ಸಾವಿರ, ಅದರ ದಂಡ ಹತ್ತು, ಏಪ್ರಿಲ್‌ನ ಸಾವಿರ, ಒಟ್ಟು 2,010 ರೂಪಾಯಿ ಕಟ್ಟಿದರೆ ವಿಷಯ ಅಲ್ಲಿಗೆ ಮುಗಿಯಿತು. ಖಾತೆ ಮತ್ತೆ ಸರಿದಾರಿಗೆ ಬರುತ್ತದೆ. ಆ ಹತ್ತು ರೂಪಾಯಿ ಖಾತೆಗೆ ಜಮಾ ಆಗುವುದಿಲ್ಲ, ಅದಕ್ಕೆ ಬಡ್ಡಿಯೂ ಇಲ್ಲ. ಸಾವಿರ ರೂಪಾಯಿ ಒಂದು ತಿಂಗಳು ತಡವಾದರೆ ಅದರ ಮೇಲಿನ ಬಡ್ಡಿ ಐದೂವರೆ ರೂಪಾಯಿ ಚಿಲ್ಲರೆ. ಅದಕ್ಕೆ ಬದಲಾಗಿ ಹತ್ತು ರೂಪಾಯಿ ಕೊಟ್ಟಂತಾಯಿತು.

ಆದರೆ ಎಷ್ಟೋ ಮಂದಿ ಹೀಗೆ ಮಾಡುವುದಿಲ್ಲ. ಏಪ್ರಿಲ್‌ನಲ್ಲೂ ಎರಡು ಸಾವಿರ ಹೊಂದುವುದಿಲ್ಲ, ಒಂದು ಸಾವಿರ ಮಾತ್ರ ತೆಗೆದುಕೊಂಡು ಹೋಗುತ್ತಾರೆ. "ಮಾರ್ಚ್ ಹೋದರೆ ಹೋಗಲಿ, ಏಪ್ರಿಲ್ ಕಟ್ಟಿದೆ" ಎಂದುಕೊಳ್ಳುತ್ತಾರೆ. ಅಂಚೆ ಕಚೇರಿಯ ನಿಯಮ ಹಾಗಿಲ್ಲ. ಬಾಕಿ ಇರುವ ಹಳೆಯ ಕಂತನ್ನು ದಂಡದೊಂದಿಗೆ ಮೊದಲು ತೀರಿಸಬೇಕು, ಆಮೇಲೆ ಆ ತಿಂಗಳ ಕಂತು. ಆದ್ದರಿಂದ ಆ ಸಾವಿರ ಮಾರ್ಚ್‌ಗೆ ಜಮಾ ಆಗುತ್ತದೆ, ಏಪ್ರಿಲ್ ಬಾಕಿ ನಿಲ್ಲುತ್ತದೆ. ಮೇ ತಿಂಗಳಲ್ಲಿ ಕಟ್ಟಿದ್ದು ಏಪ್ರಿಲ್‌ಗೆ ಹೋಗುತ್ತದೆ, ಮೇ ಬಾಕಿ. ತಪ್ಪಿದ್ದು ಒಂದೇ ಕಂತು, ದಂಡ ಮಾತ್ರ ಪ್ರತಿ ತಿಂಗಳೂ. ಹತ್ತೇ ರೂಪಾಯಿ ತಾನೇ ಎಂದು ಯಾರೂ ಕೇಳಲು ಹೋಗುವುದಿಲ್ಲ. ಏಜೆಂಟರ ಕೈಯಲ್ಲಿ ಕೊಟ್ಟು ಕಳಿಸುವವರಿಗಂತೂ ಅದು ಏತಕ್ಕೆ ಎಂದೇ ಗೊತ್ತಿರುವುದಿಲ್ಲ.

ಹೀಗೇ ಕೊನೆಯವರೆಗೆ ನಡೆದರೆ 10ನೇ ಕಂತಿನಿಂದ 59ನೇ ಕಂತಿನವರೆಗೆ 50 ಕಂತುಗಳು ತಲಾ ಒಂದು ತಿಂಗಳು ತಡ. ದಂಡ 500 ರೂಪಾಯಿ. ಇಷ್ಟಾಗಿಯೂ 2029ರ ಜೂನ್ 10ರಂದು ವಾಯಿದೆ ಮುಗಿಯುವಾಗ 60ನೇ ಕಂತು ಬಾಕಿಯೇ ಇರುತ್ತದೆ. 71,366 ಸಿಗುತ್ತದೆಂದು ಅಂದು ಹೋದವರಿಗೆ ಪೂರ್ತಿ ಮೊತ್ತ ಬರುವುದಿಲ್ಲ. ನಾಲ್ಕಕ್ಕಿಂತ ಹೆಚ್ಚು ಕಂತು ಬಾಕಿ ಇಲ್ಲದವರು, ಎಷ್ಟು ಕಂತು ಬಾಕಿಯೋ ಅಷ್ಟು ತಿಂಗಳು ವಾಯಿದೆ ಮುಂದೂಡಿಸಿಕೊಂಡು ಅವನ್ನು ಕಟ್ಟಿ ಮುಗಿಸಬಹುದು. ಮಗಳ ಮದುವೆಗೋ ಹೊಸ ಹಸುವಿಗೋ ಆ ದಿನಕ್ಕೇ ಹಣವನ್ನು ಲೆಕ್ಕ ಹಾಕಿದ್ದರೆ ಮಾತ್ರ ಪೇಚಾಟ.

ಇನ್ನೊಂದು ಅಪಾಯವೂ ಇದೆ. ನಾಲ್ಕು ಕಂತು ಬಾಕಿಯಾದರೆ ಖಾತೆ ಸ್ಥಗಿತವಾಗುತ್ತದೆ. ನಾಲ್ಕನೆಯದು ತಪ್ಪಿದಂದಿನಿಂದ ಎರಡು ತಿಂಗಳೊಳಗೆ ಬಾಕಿ ಕಟ್ಟಿ ಮತ್ತೆ ಚಾಲೂ ಮಾಡಿಸಿಕೊಳ್ಳದಿದ್ದರೆ ಅದಕ್ಕೆ ಮುಂದೆ ಹಣ ಕಟ್ಟಲು ಬರುವುದಿಲ್ಲ. ಯಾವಾಗಲೂ ಒಂದು ಕಂತು ಹಿಂದೆ ಇರುವವರಿಗೆ ಇನ್ನು ಮೂರೇ ಕಂತಿನ ಅವಕಾಶ ಉಳಿದಿರುತ್ತದೆ. ಹಾಲು ಬತ್ತಿದ ಎರಡು ತಿಂಗಳ ಜೊತೆಗೆ, ಕರು ಹಾಕಿದ ಮೇಲೆ ಕೆಚ್ಚಲು ಬಾವಿನಿಂದ ಒಂದು ತಿಂಗಳು ಹೋದರೆ ನಾಲ್ಕು ತುಂಬಿತು!

ನಿಮ್ಮ ಖಾತೆ ಹಿಂದೆ ಬಿದ್ದಿದೆಯೇ ಎಂದು ತಿಳಿಯುವುದು ಸುಲಭ. ಪಾಸ್‌ಬುಕ್ಕಿನಲ್ಲಿ ಜಮಾ ಆದ ಕಂತುಗಳನ್ನು ಬೆರಳಿನಲ್ಲಿ ಎಣಿಸಿ. ಖಾತೆ ತೆರೆದ ತಿಂಗಳನ್ನು ಒಂದು ಎಂದು ಹಿಡಿದು ಈ ತಿಂಗಳವರೆಗೆ ತಿಂಗಳುಗಳನ್ನು ಎಣಿಸಿ. ಈ ತಿಂಗಳ ಕಂತು ಕಟ್ಟಿದ ಮೇಲೂ ಎರಡು ಲೆಕ್ಕ ಸರಿಹೊಂದದಿದ್ದರೆ ವ್ಯತ್ಯಾಸ ಎಷ್ಟೋ ಅಷ್ಟು ಕಂತು ಬಾಕಿ. ಒಂದು ಬಾರಿ ಎರಡು ಕಂತು ಒಟ್ಟಿಗೆ ಕಟ್ಟಿ ಸಮ ಮಾಡಿದರೆ ತಿಂಗಳ ತಿಂಗಳ ದಂಡ ಅಂದೇ ನಿಲ್ಲುತ್ತದೆ.

ಬ್ಯಾಂಕುಗಳಲ್ಲೂ ಸಹಕಾರ ಸಂಘಗಳಲ್ಲೂ ಆರ್.ಡಿ. ಇಟ್ಟವರಿಗೆ ನಿಯಮ ಬೇರೆ, ಒಂದೊಂದು ಕಡೆ ಒಂದೊಂದು ಥರ. ಕೆಲವು ಕಡೆ ದಂಡವನ್ನು ಆಗಿಂದಾಗ್ಗೆ ಕೇಳದೆ ಕೊನೆಯಲ್ಲಿ ಬರುವ ಮೊತ್ತದಿಂದಲೇ ಕಡಿದುಕೊಳ್ಳುತ್ತಾರೆ. ಅದೇ ಶೇ. 6.7ರ ಬಡ್ಡಿಯಲ್ಲಿ ಹತ್ತನೇ ಕಂತನ್ನು ಕಟ್ಟದೇ ಬಿಟ್ಟರೆಂದು ಇಟ್ಟುಕೊಳ್ಳೋಣ. ಆ ಸಾವಿರ 51 ತಿಂಗಳಲ್ಲಿ 1,326 ಆಗುತ್ತಿತ್ತು. ಆದ್ದರಿಂದ 71,366ರ ಬದಲು 70,040 ಬರುತ್ತದೆ. ಇದರಲ್ಲಿ ಸಾವಿರ ನಿಮ್ಮ ಹತ್ತಿರವೇ ಉಳಿದದ್ದು, ನಿಜವಾದ ನಷ್ಟ 326 ರೂಪಾಯಿ. ಇದಕ್ಕೆ ದಂಡವೇ ಬೇರೆ. ನೂರಕ್ಕೆ ಒಂದೂವರೆ ರೂಪಾಯಿಯಂತೆ ಒಂದು ಸಲ ಮಾತ್ರ ಹಾಕಿದರೆ ಹದಿನೈದು ರೂಪಾಯಿ. ಕಟ್ಟುವವರೆಗೆ ಪ್ರತಿ ತಿಂಗಳೂ ಹಾಕುವ ಪದ್ಧತಿಯಾದರೆ 51 ತಿಂಗಳಿಗೆ 765 ರೂಪಾಯಿ, ಕೈಗೆ 69,275. ಒಂದು ಸಲವೋ ಪ್ರತಿ ತಿಂಗಳೋ ಎಂಬುದನ್ನು ಖಾತೆ ತೆರೆಯುವ ದಿನವೇ ಕೇಳಿ ಬರೆಸಿಕೊಳ್ಳಿ.

ಅಂಚೆ ಕಚೇರಿಯಲ್ಲಿ ಮುಂಗಡವಾಗಿ ಕಟ್ಟುವವರಿಗೆ ರಿಯಾಯಿತಿಯೂ ಉಂಟು. ಆರು ಕಂತು ಒಟ್ಟಿಗೆ ಕಟ್ಟಿದರೆ ನೂರರ ಖಾತೆಗೆ ಹತ್ತು ರೂಪಾಯಿ, ಹನ್ನೆರಡು ಕಂತಿಗೆ ನಲವತ್ತು ರೂಪಾಯಿ. ಸಾವಿರದ ಖಾತೆಗೆ ಇದು 100 ಮತ್ತು 400 ರೂಪಾಯಿ ಆಗುತ್ತದೆ. ಸಂಘದ ಬೋನಸ್ಸೋ ಪಡ್ಡೆ ಮಾರಿದ ಹಣವೋ ಕೈಯಲ್ಲಿದ್ದಾಗ, ಹಸುವಿಗೆ ಗಬ್ಬ ನಿಂತ ತಾರೀಖು ನೋಡಿ ಹಾಲು ಬತ್ತಿಸುವ ತಿಂಗಳು ಯಾವುದೆಂದು ಲೆಕ್ಕ ಹಾಕಿ. ಏಳು ತಿಂಗಳು ತುಂಬುವ ಮೊದಲೇ ಆರು ಕಂತು ಕಟ್ಟಿಬಿಟ್ಟರೆ ಹಸು ಕರು ಹಾಕಿ ಹಾಲು ಏರುವವರೆಗೆ ಅಂಚೆ ಕಚೇರಿಯ ಕಡೆ ಹೋಗುವ ಕೆಲಸವಿಲ್ಲ.