ಹತ್ತು ಲೀಟರ್ ಹೊರುವ ಡ್ರೋನಿನ ಲೆಕ್ಕ

ಹೊಲದ ಬದುವಿನಲ್ಲಿ ಆರು ತೋಳುಗಳನ್ನು ಬಿಚ್ಚಿಕೊಂಡು ಔಷಧಿ ಸಿಂಪಡಣೆಗೆ ಸಿದ್ಧವಾಗಿ ನಿಂತ ಡ್ರೋನನ್ನು ತಕ್ಕಡಿಗೆ ಏರಿಸಿದರೆ ಏನು ತೂಗೀತು? ಫ್ರೇಮು, ಮೋಟರು, ಪಂಪು, ವೈರುಗಳೆಲ್ಲ ಸೇರಿ ಸುಮಾರು 9 ಕಿಲೋ. ಬ್ಯಾಟರಿ ಹೆಚ್ಚುಕಡಿಮೆ 5 ಕಿಲೋ. ಟ್ಯಾಂಕಿನಲ್ಲಿರುವ 10 ಲೀಟರ್ ದ್ರಾವಣ ಇನ್ನು 10 ಕಿಲೋ. ಒಟ್ಟು 24. ಭಾರತದ 2021ರ ಡ್ರೋನ್ ನಿಯಮಗಳಲ್ಲಿ ‘ಸಣ್ಣ’ ವರ್ಗದ ಮಿತಿ 25 ಕಿಲೋ. ಹಾಗಾಗಿ ಆ ವರ್ಗದಲ್ಲೇ ಉಳಿಯಬೇಕೆನ್ನುವ ವಿನ್ಯಾಸಕಾರನ ಕೈಯಲ್ಲಿ ಉಳಿದಿರುವುದು ಒಂದೇ ಕಿಲೋ. ಅದನ್ನು ಎಲ್ಲಿ ಖರ್ಚು ಮಾಡಬೇಕು ಎಂಬ ಪ್ರಶ್ನೆಗೆ ಮೊದಲ ಉತ್ತರ ತೋಳುಗಳಲ್ಲಿದೆ.

ಇಷ್ಟು ಭಾರಕ್ಕೆ 30 ಇಂಚಿನ ಪ್ರೊಪೆಲರ್ ಹೊಂದುತ್ತದೆ. ಅಕ್ಕಪಕ್ಕದ ಎರಡು ಪ್ರೊಪೆಲರ್‌ಗಳು ಒಂದಕ್ಕೊಂದು ತಾಗಬಾರದಾದ್ದರಿಂದ ಪ್ರತಿ ಮೋಟರೂ ನಡುಭಾಗದಿಂದ 85 ಸೆಂಟಿಮೀಟರ್ ದೂರ ಕೂರಬೇಕು. ನಡುವಿನ ತಟ್ಟೆಯ ಅಳತೆ ಕಳೆದರೆ, ಕ್ಲ್ಯಾಂಪಿನಿಂದಾಚೆಗೆ 65 ಸೆಂಟಿಮೀಟರಿನಷ್ಟು ಕಾರ್ಬನ್ ಫೈಬರ್ ಕೊಳವೆ ಗೋಡೆಗೆ ಬಡಿದ ಗೂಟದಂತೆ ಒಂದೇ ತುದಿಯ ಆಧಾರದಲ್ಲಿ ಚಾಚಿಕೊಂಡಿರುತ್ತದೆ. ಇನ್ನೊಂದು ತುದಿಯಲ್ಲಿ ಮೋಟರು, ಅದರ ನಿಯಂತ್ರಕ, ಪ್ರೊಪೆಲರ್ ಸೇರಿ ಒಂದು ಕಿಲೋಗಿಂತ ತುಸು ಹೆಚ್ಚು ಭಾರ.

ಈ ಕೊಳವೆ ಮುರಿಯುವುದು ಅಪರೂಪ. ತೊಂದರೆ ಕೊಡುವುದು ಅದರ ಬಾಗುವಿಕೆ. ಡ್ರೋನ್ ಎಡಕ್ಕೆ ವಾಲಿತೆಂದು ಫ್ಲೈಟ್ ಕಂಟ್ರೋಲರ್ ಎಡಗಡೆಯ ಮೋಟರಿಗೆ ‘ಎತ್ತು’ ಎಂದು ಆಜ್ಞೆ ಕೊಟ್ಟಾಗ, ಮೆತ್ತಗಿನ ತೋಳು ಮೊದಲು ತಾನು ಬಾಗುತ್ತದೆ, ಆಮೇಲೆ ಒಡಲನ್ನು ಎತ್ತುತ್ತದೆ. ಕಂಟ್ರೋಲರ್ ಈ ತಡವನ್ನು ಕಂಡು ಇನ್ನಷ್ಟು ಬಲ ಕೇಳುತ್ತದೆ. ಅಷ್ಟರಲ್ಲಿ ತೋಳು ಬಿಲ್ಲಿನಂತೆ ಹಿಂದಕ್ಕೆ ಚಿಮ್ಮುತ್ತದೆ. ಡ್ರೋನ್ ನಡುಗಲು ಶುರುವಾಗುತ್ತದೆ. ನಡುಕ ಹೆಚ್ಚಿದಂತೆ ಮೋಟರುಗಳು ಬಿಸಿಯಾಗುತ್ತವೆ.

ಇದಕ್ಕೆ ಮದ್ದು ಕೊಳವೆಯ ವ್ಯಾಸದಲ್ಲಿದೆ. 1 ಮಿಲಿಮೀಟರ್ ದಪ್ಪದ ಗೋಡೆಯನ್ನು ಹಾಗೇ ಉಳಿಸಿಕೊಂಡು ವ್ಯಾಸವನ್ನು 30ರಿಂದ 40 ಮಿಲಿಮೀಟರಿಗೆ ಏರಿಸಿದರೆ ತೂಕ ಮೂರನೇ ಒಂದರಷ್ಟು ಹೆಚ್ಚುತ್ತದೆ, ಆದರೆ ಬಾಗದಿರುವ ಗುಣ 2.4 ಪಟ್ಟಾಗುತ್ತದೆ. ಮೋಟರ್ ತನ್ನ ಪೂರ್ತಿ 15 ಕಿಲೋ ಬಲ ಹಾಕಿದಾಗ 30ರ ಕೊಳವೆಯ ತುದಿ ಸುಮಾರು 20 ಮಿಲಿಮೀಟರ್ ಮೇಲೇಳುತ್ತದೆ, 40ರದ್ದು 8 ಮಾತ್ರ. ಉಳಿದ ಒಂದು ಕಿಲೋದಲ್ಲಿ ಒಂದು ಪಾಲನ್ನು ಇಲ್ಲಿ ಹಾಕಿದರೆ ನಷ್ಟವಿಲ್ಲ.

ಆದರೆ ಎಷ್ಟೇ ಒಳ್ಳೆಯ ಕೊಳವೆ ತಂದರೂ ಮಡಚುವ ಕೀಲು ಸಡಿಲವಾಗಿದ್ದರೆ ಲಾಭವಿಲ್ಲ. ಕೀಲಿನಲ್ಲಿ ಒಂದೇ ಒಂದು ಡಿಗ್ರಿ ಅಲುಗಾಟವಿದ್ದರೆ ತೋಳಿನ ತುದಿ 11 ಮಿಲಿಮೀಟರ್ ಆಡುತ್ತದೆ, ಅಂದರೆ ಪೂರ್ತಿ ಬಲದಲ್ಲಿ ಕೊಳವೆ ಬಾಗುವುದಕ್ಕಿಂತಲೂ ಹೆಚ್ಚು. ಕ್ಲ್ಯಾಂಪನ್ನು ವಿಪರೀತ ಬಿಗಿದರೂ ಕಷ್ಟ, ತೆಳುಗೋಡೆಯ ಕಾರ್ಬನ್ ಕೊಳವೆ ಒಳಗೊಳಗೇ ಸೀಳುತ್ತದೆ. ಅದಕ್ಕೇ ಕ್ಲ್ಯಾಂಪ್ ಹಿಡಿಯುವ ಜಾಗದಲ್ಲಿ ಕೊಳವೆಯೊಳಗೆ ಅಲ್ಯುಮಿನಿಯಂ ಬೆಣೆಯನ್ನು ಅಂಟಿಸುತ್ತಾರೆ.

ತಿರುಚುವಿಕೆ ಇನ್ನೂ ಮೋಸದ್ದು. ಮೋಟರ್ ತನ್ನ ಕೊಳವೆಯ ಮೇಲೆ ಎರಡೇ ಡಿಗ್ರಿ ಪಕ್ಕಕ್ಕೆ ತಿರುಗಿ ಕೂತಿದೆ ಎನ್ನಿ. ಕಣ್ಣಿಗೆ ಅದು ಕಾಣುವುದಿಲ್ಲ. ಆದರೆ 85 ಸೆಂಟಿಮೀಟರ್ ಆಚೆಯಿಂದ ಆ ಓರೆ ಒತ್ತಡ ಇಡೀ ಡ್ರೋನನ್ನು ತಿರುಗಿಸಲು ಹಾಕುವ ಬಲ, ಆ ಪ್ರೊಪೆಲರ್ ಸುತ್ತುವಾಗ ಹುಟ್ಟುವ ಪ್ರತಿತಿರುಗು ಬಲದಷ್ಟೇ ಇರುತ್ತದೆ. ಅದನ್ನು ತಡೆಯಲು ಕಂಟ್ರೋಲರ್ ಒಂದೇ ದಿಕ್ಕಿಗೆ ತಿರುಗುವ ಮೂರು ಮೋಟರುಗಳನ್ನು ಸದಾ ಹೆಚ್ಚು ದುಡಿಸುತ್ತದೆ. ಹಾರಾಟದ ಲಾಗ್ ತೆರೆದಾಗ ಬಲಕ್ಕೆ ಸುತ್ತುವ ಮೂರೂ ಒಂದು ಮಟ್ಟದಲ್ಲಿ, ಎಡಕ್ಕೆ ಸುತ್ತುವ ಮೂರೂ ಇನ್ನೊಂದು ಮಟ್ಟದಲ್ಲಿ ಬೇರ್ಪಟ್ಟು ಕಂಡರೆ ಸಾಫ್ಟ್‌ವೇರ್ ತಿದ್ದುವ ಮೊದಲು ಮೋಟರುಗಳ ಕೆಳಗೆ ಮಟ್ಟಗೋಲು ಇಟ್ಟು ನೋಡಬೇಕು.

ಆರು ಮೋಟರ್ ಇದ್ದರೆ ಒಂದು ನಿಂತರೂ ಚಿಂತೆಯಿಲ್ಲ ಎಂಬ ಮಾತನ್ನು ಮಾರಾಟಗಾರರು ಸಲೀಸಾಗಿ ಹೇಳುತ್ತಾರೆ. ಅದರಲ್ಲಿ ಅರ್ಧ ಮಾತ್ರ ಸತ್ಯ. ಬಲ-ಎಡ-ಬಲ-ಎಡವೆಂದು ಸುತ್ತುವ ಸಾಮಾನ್ಯ ಆರು ತೋಳಿನ ಡ್ರೋನಿನಲ್ಲಿ ಒಂದು ಮೋಟರ್ ಸತ್ತರೆ, ಸಮತೋಲ ಕಾಯಲು ಅದರ ಎದುರಿನದ್ದೂ ಹೆಚ್ಚುಕಡಿಮೆ ನಿಲ್ಲಬೇಕಾಗುತ್ತದೆ. ಅಲ್ಲಿಗೆ 24 ಕಿಲೋ ನಾಲ್ಕು ಮೋಟರುಗಳ ಮೇಲೆ ಬೀಳುತ್ತದೆ, ಒಂದೊಂದಕ್ಕೆ 6 ಕಿಲೋ. ತಲಾ 15 ಕಿಲೋ ಎತ್ತಬಲ್ಲ ಮೋಟರಿಗೆ ಅದು ಭಾರವೇನಲ್ಲ. 8 ಕಿಲೋಗೇ ಸುಸ್ತಾಗುವ ಅಗ್ಗದ ಮೋಟರಾದರೆ ಗಾಳಿಯ ಹೊಡೆತ ತಡೆಯಲು ಏನೂ ಉಳಿಯುವುದಿಲ್ಲ. ಜೊತೆಗೆ, ಎದುರಿನ ಮೋಟರ್ ಸೊನ್ನೆಯಲ್ಲಿರುವುದರಿಂದ ಅದನ್ನು ಇನ್ನೂ ತಗ್ಗಿಸಲಾಗದು. ಆದ್ದರಿಂದ ಮೂತಿಯನ್ನು ಒಂದೇ ದಿಕ್ಕಿಗೆ ಹಿಡಿದಿಡುವ ಆಸೆ ಬಿಟ್ಟು, ಡ್ರೋನ್ ನಿಧಾನವಾಗಿ ಸುತ್ತಿದರೂ ಸರಿಯೆಂದು ನೆಟ್ಟಗೆ ಇಳಿಸುವುದೇ ಗುರಿಯಾಗುತ್ತದೆ.

ಎಂಟು ಮೋಟರುಗಳನ್ನು ನಾಲ್ಕೇ ತೋಳಿನ ಮೇಲೆ ಜೋಡಿ ಜೋಡಿಯಾಗಿ ಕೂರಿಸುವುದು ಇನ್ನೊಂದು ದಾರಿ. ಮೇಲಿನದ್ದು ನಿಂತರೆ ಕೆಳಗಿನದ್ದು ಹೊರುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಮೇಲಿನ ಪ್ರೊಪೆಲರ್ ತಳ್ಳಿದ ಗಾಳಿಯಲ್ಲೇ ಕೆಳಗಿನದ್ದು ಕೆಲಸ ಮಾಡಬೇಕಾದ್ದರಿಂದ, ಅವೇ ಎಂಟು ಪ್ರೊಪೆಲರ್‌ಗಳನ್ನು ಬಿಡಿಬಿಡಿಯಾಗಿ ಹರಡಿದ್ದರೆ ಬೇಕಾಗುತ್ತಿದ್ದುದಕ್ಕಿಂತ ಸುಮಾರು ಐದನೇ ಒಂದರಷ್ಟು ಹೆಚ್ಚು ಶಕ್ತಿ ಖರ್ಚಾಗುತ್ತದೆ. ತೋಳಿನ ಕೀಲೇ ಕಳಚಿಕೊಂಡರೆ ಎರಡೂ ಮೋಟರ್ ಒಟ್ಟಿಗೆ ಹೋಗುತ್ತವೆ. ಒಂದೇ ಬ್ಯಾಟರಿ ಪ್ಲಗ್ ಇದ್ದು ಅದು ಸುಟ್ಟರಂತೂ ಆರಾದರೇನು, ಎಂಟಾದರೇನು?

ಇನ್ನು ಎಷ್ಟು ಹೊತ್ತು ಹಾರುತ್ತದೆ ಎಂಬ ವಿಷಯ. ನಮ್ಮ ಡ್ರೋನಿನ ಬ್ಯಾಟರಿ 44.4 ವೋಲ್ಟ್, 16 ಆಂಪಿಯರ್-ಗಂಟೆಯದ್ದು, ಅಂದರೆ ಸುಮಾರು 710 ವ್ಯಾಟ್-ಗಂಟೆ. ತುಂಬಿದ ಟ್ಯಾಂಕಿನೊಂದಿಗೆ ಒಂದೇ ಕಡೆ ತೇಲಿ ನಿಲ್ಲಲು ಪ್ರತಿ ಮೋಟರ್ 4 ಕಿಲೋ ಎತ್ತಬೇಕು, ಅದಕ್ಕೆ ಸುಮಾರು 420 ವ್ಯಾಟ್ ಬೇಕು. ಆರಕ್ಕೆ 2,530, ಪಂಪು ಮತ್ತು ರೇಡಿಯೊಗೆ ಇನ್ನೊಂದು ನೂರು. 710ನ್ನು 2,630ರಿಂದ ಭಾಗಿಸಿ 16 ನಿಮಿಷ ಎಂದರೆ ಲೆಕ್ಕ ಸರಿ, ಆದರೆ ಹಾರಾಟ ಅಷ್ಟು ಹೊತ್ತು ಸಾಗದು. ಲಿಥಿಯಂ ಬ್ಯಾಟರಿಯನ್ನು ಬರಿದಾಗಿಸಬಾರದು, ಕೊನೆಯ ಐದನೇ ಒಂದು ಭಾಗ ಮುಟ್ಟುವಂತಿಲ್ಲ. ಹಳತಾದ ಬ್ಯಾಟರಿಗೆ ಇನ್ನೊಂದು ಹತ್ತನೇ ಒಂದು ಪಾಲನ್ನು ಕಳೆದರೆ ಉಳಿಯುವುದು 510 ವ್ಯಾಟ್-ಗಂಟೆ. ಸಮಯ 11.5 ನಿಮಿಷಕ್ಕೆ ಇಳಿಯಿತು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನ ಸುತ್ತಮುತ್ತ, 30 ಡಿಗ್ರಿ ಬಿಸಿಲಿನಲ್ಲಿ, ತೆಳುವಾದ ಗಾಳಿಗಾಗಿ ಶೇ. 8ರಷ್ಟು ಶಕ್ತಿ ಹೆಚ್ಚು ಬೇಕು. ಅಲ್ಲಿಗೆ 11ಕ್ಕೂ ತುಸು ಕಡಿಮೆ.

ಅದೇ ಡ್ರೋನನ್ನು ಟ್ಯಾಂಕ್ ಖಾಲಿ ಮಾಡಿ ಹಾರಿಸಿದರೆ 25 ನಿಮಿಷ ಬರುತ್ತದೆ. ಕರಪತ್ರದಲ್ಲಿ ಅಚ್ಚಾಗುವ ದೊಡ್ಡ ಅಂಕಿ ಹುಟ್ಟುವುದು ಹೀಗೆ. ತೂಕ ಇಳಿದಂತೆ ಶಕ್ತಿಯ ಬೇಡಿಕೆ ಅದಕ್ಕಿಂತ ವೇಗವಾಗಿ ಇಳಿಯುತ್ತದೆ. ತಿರುಗುಮುರುಗಾದರೂ ಇದೇ ನಿಯಮ: ಇನ್ನೊಂದು ಬ್ಯಾಟರಿ ಹೇರಿದರೆ ಸಮಯ ಇಮ್ಮಡಿಯಾಗದೆ ಒಂದೂವರೆ ಪಟ್ಟಾಗುತ್ತದೆ ಅಷ್ಟೆ, ತೂಕವೂ 25 ಕಿಲೋ ದಾಟಿಬಿಡುತ್ತದೆ.

ಕೊಳ್ಳುವವರು, ಕಟ್ಟುವವರು ಇಬ್ಬರಿಗೂ ಒದಗುವ ಪರೀಕ್ಷೆ ಸರಳವಾದದ್ದು. ಟ್ಯಾಂಕಿಗೆ 10 ಲೀಟರ್ ಬರೀ ನೀರು ತುಂಬಿ, ಸುತ್ತ ಯಾರೂ ಇಲ್ಲದ ಬಯಲಿನಲ್ಲಿ, ಗಾಳಿಯಿಲ್ಲದ ಬೆಳಗ್ಗೆ ಐದು ನಿಮಿಷ ಒಂದೇ ಕಡೆ ತೇಲಿಸಿ ಇಳಿಸಬೇಕು. ಪೂರ್ತಿ ತುಂಬಿದ್ದ ಬ್ಯಾಟರಿಗೆ ಮತ್ತೆ ಚಾರ್ಜ್ ಹಾಕಿದಾಗ ಚಾರ್ಜರ್ ತೋರಿಸುವ ಅಂಕಿ 5 ಆಂಪಿಯರ್-ಗಂಟೆಯ ಆಸುಪಾಸಿನಲ್ಲಿದ್ದರೆ ಮೇಲಿನ ಲೆಕ್ಕ ನಿಲ್ಲುತ್ತದೆ. 6 ದಾಟಿದರೆ ಮೊದಲು ತೂಕವನ್ನೂ ಪ್ರೊಪೆಲರ್‌ನ ಅಂಚನ್ನೂ ನೋಡಬೇಕು. ಆಮೇಲೆ ಪ್ರತಿ ಮೋಟರನ್ನೂ ಮುಟ್ಟಿ, ಯಾವುದು ಉಳಿದವುಗಳಿಗಿಂತ ಬಿಸಿಯಾಗಿದೆ ಎಂದು ಹುಡುಕಬೇಕು.