ನಿರ್ದೇಶಕರ ರಾಜೀನಾಮೆ: ಯಾವ ದಿನದಿಂದ ಜಾರಿ?

ಖಾಸಗಿ ಕಂಪನಿಯ ನಿರ್ದೇಶಕರೊಬ್ಬರು ಜೂನ್ 1ರಂದು ‘ಇಂದಿನಿಂದಲೇ ರಾಜೀನಾಮೆ’ ಎಂದು ಬರೆದು ಅಂಚೆಗೆ ಹಾಕಿದರು ಎನ್ನೋಣ. ಪತ್ರ ಕಂಪನಿಗೆ ಮುಟ್ಟಿದ್ದು 9ಕ್ಕೆ. 2013ರ ಕಂಪನಿ ಕಾಯ್ದೆಯ 168ನೇ ಸೆಕ್ಷನ್ ಪ್ರಕಾರ ಅವರ ಹುದ್ದೆ ಮುಗಿಯುವುದು 9ರಂದೇ. ಪತ್ರ ತಲುಪಿದ ದಿನ, ಪತ್ರದಲ್ಲಿ ಹೇಳಿದ ದಿನ ಇವೆರಡರಲ್ಲಿ ಯಾವುದು ತಡವೋ ಅದೇ ಲೆಕ್ಕ. ಆದ್ದರಿಂದ ಪತ್ರ ತಲುಪಿದ್ದಕ್ಕೆ ಸ್ವೀಕೃತಿ ಪಡೆಯಲೇಬೇಕು.

ಮಂಡಳಿ ‘ಅಂಗೀಕರಿಸುವವರೆಗೆ’ ಕಾಯಬೇಕೆಂಬ ತಪ್ಪು ಕಲ್ಪನೆ ಹಲವರಲ್ಲಿದೆ. ಕಾಯ್ದೆ ಮಂಡಳಿಗೆ ವಹಿಸಿರುವುದು ರಾಜೀನಾಮೆಯನ್ನು ಗಮನಕ್ಕೆ ತೆಗೆದುಕೊಳ್ಳುವ ಕೆಲಸವನ್ನಷ್ಟೇ. ನಂತರ ಕಂಪನಿ 30 ದಿನಗಳೊಳಗೆ ಡಿಐಆರ್-12 ನಮೂನೆಯಲ್ಲಿ ರಿಜಿಸ್ಟ್ರಾರರಿಗೆ ತಿಳಿಸಬೇಕು.

ತೊಡಕು ಬರುವುದು ಇಲ್ಲೇ. ಜಗಳವಾಡಿ ಹೊರಬಂದವರ ನಮೂನೆಯನ್ನು ಕೆಲವು ಕಂಪನಿಗಳು ಸಲ್ಲಿಸುವುದೇ ಇಲ್ಲ. ಹೆಸರು ಸರ್ಕಾರಿ ದಾಖಲೆಯಲ್ಲಿ ಹಾಗೇ ಉಳಿದು, ಮುಂದಿನ ನೋಟಿಸುಗಳು ಅವರ ಮನೆಗೇ ಬರುತ್ತವೆ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿಯ ನಿರ್ದೇಶಕರ ಪಟ್ಟಿ ನೋಡಿದರೆ ಇದು ಗೊತ್ತಾಗುತ್ತದೆ. ಇದಕ್ಕೆ ಪರಿಹಾರ ಡಿಐಆರ್-11. ರಾಜೀನಾಮೆ ಪತ್ರ, ಕಳಿಸಿದ ಪುರಾವೆ, ಕಾರಣಗಳ ಸಹಿತ ನಿರ್ದೇಶಕರೇ ಅದನ್ನು 30 ದಿನಗಳೊಳಗೆ ಸಲ್ಲಿಸಬಹುದು. ಈಗ ಇದು ಕಡ್ಡಾಯವಲ್ಲ. ಆದರೂ ಸಲ್ಲಿಸುವುದೇ ಕ್ಷೇಮ ಎಂಬುದು ನನ್ನ ಸಲಹೆ. ಅಧಿಕಾರದಲ್ಲಿದ್ದಾಗ ನಡೆದ ತಪ್ಪುಗಳ ಹೊಣೆ ಮಾತ್ರ ರಾಜೀನಾಮೆಯ ನಂತರವೂ ತಪ್ಪದು.